ಅಮ್ಮ ಗೆಸ್ಟಾ, ಬಾಡಿಗೆದಾರಳಾ? ಬಾಣಂತನಕ್ಕೆ ಊರಿಂದ ಕರೆಸ್ಕೊಳ್ಳೋರಿಗೆ ಒಂದು ಬಹಿರಂಗ ಪತ್ರ

ಅಮೇರಿಕಾದಲ್ಲಿ ಬಾಡಿಗೆ ಮನೇಲಿದ್ದು ಊರಿಂದ ಅಪ್ಪ ಅಮ್ಮನ್ನೋ ಅತ್ತೆ ಮಾವನ್ನೋ ಕರೆಸ್ಕೊಳ್ತಿರೋ ಎಲ್ಲ ನಮ್ಮವರಿಗೆ, ಹಂಗೇ ಇಲ್ಲೇ ಇನ್ನೊಂದು ಮನೆ ತಗೊಂಡು ಬಾಡಿಗೆಗೆ ಬಿಟ್ಟಿರೋ ನಮ್ಮವರಿಗೂ,

ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟು. 2024ರ ಮಾರ್ಚ್ 2, ಶನಿವಾರ ಅಪ್ಪ ಅಮ್ಮ ತುಮಕೂರಿಂದ ಬಂದಿಳಿದ್ರು, ನಂಗೆ ಏಪ್ರಿಲ್ ಎರಡನೇ ವಾರಕ್ಕೆ ಡೇಟ್ ಕೊಟ್ಟಿದ್ರು, ಬಾಣಂತನ ಮುಗಿಸ್ಕೊಂಡು ಆಗಸ್ಟ್ 20ಕ್ಕೆ ವಾಪಸ್ ಟಿಕೆಟ್ಟು. ಒಟ್ಟು 171 ರಾತ್ರಿ. ಈ ಲೆಕ್ಕ ಆವತ್ತು ಹಾಕಿರ್ಲಿಲ್ಲ, ಯಾರು ಹಾಕ್ತಾರೆ ಹೇಳಿ, ಸೂಟ್‌ಕೇಸಲ್ಲಿ ಅಂಟಿನುಂಡೆ ಎಷ್ಟು, ಖಾರದಪುಡಿ ಎಷ್ಟು, ಕಸ್ಟಮ್ಸಲ್ಲಿ ಹಿಡೀತಾರಾ ಅನ್ನೋ ಲೆಕ್ಕ ಮಾತ್ರ ಹಾಕಿದ್ದು. ಮಾರ್ಚ್ 21 ಗುರುವಾರ ಸಂಜೆ ನನ್ನ ಗಂಡ ಆಫೀಸಿಂದ ಬಂದ್ರೆ ಬಾಗಿಲಿಗೆ ಒಂದು ಕಾಗದ ಅಂಟ್ಸಿದ್ರು, ಕೆಳಗೆ ಅಮ್ಮ ಹಾಕಿದ್ದ ರಂಗೋಲಿ, ಮೇಲೆ ನೋಟಿಸು. ಹೆಸರು ತ್ರೀ ಡೇ ನೋಟಿಸ್ ಟು ಪರ್ಫಾರ್ಮ್ ಕವೆನೆಂಟ್ ಆರ್ ಕ್ವಿಟ್. ಒಳಗಿದ್ದ ಸಾರಾಂಶ ಏನಂದ್ರೆ ಲೀಸಲ್ಲಿ ಹೆಸರಿಲ್ಲದ ಇಬ್ಬರು ದೊಡ್ಡೋರು ನಿಮ್ಮ ಮನೇಲಿ ವಾಸ ಇದಾರೆ, ಅವರು ಅನ್‌ಆಥರೈಸ್ಡ್ ಆಕ್ಯುಪೆಂಟ್ಸ್, ಮೂರು ದಿನದಲ್ಲಿ ಸರಿಮಾಡಿ ಇಲ್ಲಾ ಮನೆ ಖಾಲಿಮಾಡಿ.

ಅಪ್ಪ ಅದನ್ನ ಓದ್ಕೊಂಡು ಸುಮ್ನೆ ಒಳಗೆ ಹೋಗಿ ಸೂಟ್‌ಕೇಸ್ ಕೆಳಗಿಳಿಸೋಕೆ ಶುರು ಮಾಡಿದ್ರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ರಿಟೈರ್ ಆಗಿರೋರು, ನೋಟಿಸ್ ಅಂದ್ರೆ ನೋಟಿಸ್ಸು. ಎಂಟೂವರೆ ತಿಂಗಳ ಹೊಟ್ಟೆ ಇಟ್ಕೊಂಡು ನಾನು ಅವರನ್ನ ಸಮಾಧಾನ ಮಾಡೋದೋ, ಲೀಸ್ ಹುಡುಕೋದೋ ಗೊತ್ತಾಗ್ಲಿಲ್ಲ.

ಅಪಾರ್ಟ್‌ಮೆಂಟಿನ ಬಾಡಿಗೆ ಆಫೀಸಿಗೆ ಗೊತ್ತಾಗಿದ್ದು ಹೆಂಗೆ ಅಂತ ಆಮೇಲೆ ತಿಳೀತು, ನುಗ್ಗೇಕಾಯಿಂದ. ಸಿಂಕಿನ ಕೆಳಗಿರೋ ಡಿಸ್ಪೋಸಲ್ ಮೆಶೀನಿಗೆ ಅಮ್ಮ ಹುಳೀಲಿ ಚೀಪಿದ್ದ ನುಗ್ಗೇಕಾಯಿ ಸಿಪ್ಪೆನೆಲ್ಲ ಹಾಕಿ ಅದು ಗರ್ ಅಂತ ನಿಂತೋಯ್ತು, ನಾವೇ ಮೇಂಟೆನೆನ್ಸ್ ರಿಕ್ವೆಸ್ಟ್ ಹಾಕಿದ್ವಿ, ಬಂದ ಮನುಷ್ಯ ಒಳ್ಳೆಯವನೇ, ಸಿಪ್ಪೆ ತೆಗ್ದ, ಕಾಫಿ ಕುಡ್ದ, ಎರಡನೇ ರೂಮಲ್ಲಿ ಹಾಸಿಗೆ, ನಾಲ್ಕು ಸೂಟ್‌ಕೇಸು, ದೇವರ ಫೋಟೋ ಎಲ್ಲ ನೋಡ್ದ, ವರ್ಕ್ ಆರ್ಡರಲ್ಲಿ ಒಂದು ಸಾಲು ಬರ್ದ. ಅವನ ತಪ್ಪಿಲ್ಲ, ಮನೆಯೊಳಗೆ ಏನು ಕಾಣ್ತು ಅಂತ ಬರೆಯೋದು ಅವನ ಕೆಲಸ.

ಈಗ ಲೀಸ್ ವಿಷ್ಯಕ್ಕೆ ಬರ್ತೀನಿ. ನಮ್ಮ ಲೀಸು ನಲವತ್ತು ಚಿಲ್ಲರೆ ಪೇಜು, ಫೋನಲ್ಲಿ ಸೈನ್ ಮಾಡಿದ್ದು, ಹಳದಿ ಡಬ್ಬಿ ಬಂದಲ್ಲೆಲ್ಲ ಒತ್ತಿದ್ದು. ಅದರಲ್ಲಿ ಗೆಸ್ಟ್ಸ್ ಅಂತ ಒಂದು ಪ್ಯಾರಾ ಇತ್ತು. ಯಾವ ಗೆಸ್ಟೂ ಓನರ್ ಕಡೆಯಿಂದ ಬರಹದಲ್ಲಿ ಒಪ್ಪಿಗೆ ಇಲ್ಲದೆ ಸತತ 14 ದಿನಕ್ಕಿಂತ ಜಾಸ್ತಿ, ಅಥವಾ ಯಾವುದೇ 12 ತಿಂಗಳಲ್ಲಿ ಒಟ್ಟು 20 ದಿನಕ್ಕಿಂತ ಜಾಸ್ತಿ ಇರಂಗಿಲ್ಲ, ಇದ್ರೆ ಅನ್‌ಆಥರೈಸ್ಡ್ ಆಕ್ಯುಪೆಂಟ್ ಅಂತ ಲೆಕ್ಕ. ನಿಮ್ಮದರಲ್ಲಿ 7 ಇರ್ಬೋದು, 10 ಇರ್ಬೋದು, ತಿಂಗಳಿಗಿಷ್ಟು ಅಂತಿರ್ಬೋದು, ಲೀಸಿಂದ ಲೀಸಿಗೆ ಬೇರೆ. 14 ಅನ್ನೋದು ಯಾವುದೋ ಕಾನೂನಲ್ಲಿರೋ ನಂಬರ್ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅಲ್ಲ. ಅದು ಓನರೂ ನೀವೂ ಸೈನ್ ಮಾಡಿರೋ ಒಪ್ಪಂದದ ನಂಬರು ಅಷ್ಟೇ.

ಆ ಪ್ಯಾರಾದಲ್ಲಿ ಮೂರು ಪದ ಹುಡುಕಿ ನೋಡಿ. ಮೊದಲ್ನೇದು ಸತತನಾ, ಒಟ್ಟಾ ಅನ್ನೋದು. ನೋಟಿಸ್ ಬಂದ ರಾತ್ರಿ ನಮ್ಮ ಫ್ರೆಂಡ್ ಒಬ್ಬರು ಫೋನಲ್ಲಿ ಐಡಿಯಾ ಕೊಟ್ರು, ಅಂಕಲ್ ಆಂಟೀನ ಸ್ಯಾಕ್ರಮೆಂಟೋದಲ್ಲಿರೋ ಕಸಿನ್ ಮನೆಗೆ ಎರಡು ರಾತ್ರಿ ಕಳಿಸ್ಬಿಡು, ಮೀಟರ್ ಝೀರೋ ಆಗುತ್ತೆ ಅಂತ. ಸತತ ಅಂತ ಮಾತ್ರ ಇದ್ರೆ ಅದು ಅಕ್ಷರಶಃ ನಡೀಬೋದಿತ್ತು, ನಮ್ಮದರಲ್ಲಿ ಒಟ್ಟು 20 ಅಂತ ಪಕ್ಕದಲ್ಲೇ ಇತ್ತು, ಆವತ್ತಿಗಾಗ್ಲೇ 19 ರಾತ್ರಿ ಕಳೆದಿತ್ತು, ಸ್ಯಾಕ್ರಮೆಂಟೋ ಅಲ್ಲ ಆಲಾಸ್ಕಾಗೆ ಕಳಿಸಿದ್ರೂ ಪ್ರಯೋಜನ ಇರ್ಲಿಲ್ಲ. ಎರಡನೇದು ಲೆಕ್ಕ ಒಬ್ಬೊಬ್ಬ ಗೆಸ್ಟಿಗಾ, ಮನೆಗಾ. ಕೆಲವು ಲೀಸಲ್ಲಿ ಅಮ್ಮ ಹತ್ತು ದಿನ ಇದ್ದು ಹೋದ್ಮೇಲೆ ಅತ್ತೆ ಹತ್ತು ದಿನ ಬಂದ್ರೆ ಎರಡೂ ಸೇರ್ಸಿ 20 ಅಂತಾರೆ. ಮೂರನೇದು, ಇದೇ ಮುಖ್ಯ, ಬರಹದಲ್ಲಿ ಒಪ್ಪಿಗೆ ಇಲ್ಲದೆ ಅನ್ನೋ ಮಾತು. ಅಂದ್ರೆ ಗೆಸ್ಟ್ ಇರಲೇಬಾರ್ದು ಅಂತ ಆ ಪ್ಯಾರಾ ಹೇಳ್ತಿಲ್ಲ, ಕೇಳಿ ಅಂತ ಹೇಳ್ತಿದೆ.

ನಾವು ಕೇಳಿದ್ವಿ, ಅದೇ ಹೊಟ್ಟೆ ಉರಿಯೋದು. ಫೆಬ್ರವರೀಲಿ ಬಾಡಿಗೆ ಆಫೀಸಿನ ಹುಡುಗಿ ಹತ್ರ ನಾನೇ ಹೇಳಿದ್ದೆ, ನನ್ನ ಪೇರೆಂಟ್ಸ್ ಬರ್ತಿದಾರೆ ಮಗು ಆಗೋವಾಗ ಅಂತ, ಅವಳು ಆ್ಯ ಸೋ ಸ್ವೀಟ್ ಅಂದ್ಲು, ಕಂಗ್ರಾಟ್ಸ್ ಹೇಳಿದ್ಲು, ಮಾರ್ಚಲ್ಲಿ ಕೆಲಸ ಬಿಟ್ಟು ಹೋದ್ಲು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಹೊಸದಾಗಿ ಬಂದೋನ ಕಂಪ್ಯೂಟರಲ್ಲಿ ನಮ್ಮ ಮನೆ ನಂಬರ್ ಮುಂದೆ ಎರಡೇ ಹೆಸರು.

ಸರಿ, 14 ದಿನ ಮೀರಿದ್ರೆ ನಮ್ಮಮ್ಮ ಅನ್‌ಆಥರೈಸ್ಡ್ ಆಕ್ಯುಪೆಂಟ್ ಆಗೋದ್ಲಾ? ಶುಕ್ರವಾರ ಬೆಳಗ್ಗೆ ಬಾಡಿಗೆದಾರರಿಗೆ ಸಹಾಯ ಮಾಡೋ ಒಂದು ಸಂಸ್ಥೆಗೆ ಫೋನ್ ಮಾಡ್ದಾಗ ಅಲ್ಲಿದ್ದ ವಕೀಲರು ಇದನ್ನ ಬಿಡ್ಸಿ ಹೇಳಿದ್ರು, ನಂಗೆ ಈ ಪತ್ರ ಬರೀಬೇಕು ಅನ್ಸಿದ್ದೇ ಆ ಇಪ್ಪತ್ತು ನಿಮಿಷದ ಮಾತಿಂದ. ಲಿಮಿಟ್ ಮೀರೋದು ಒಂದು ವಿಷ್ಯ, ಆ ಮನೇಲೇ ನೆಲೆಸಿರೋ ವಾಸಿ ಆಗೋದು ಇನ್ನೊಂದು ವಿಷ್ಯ, ಲೀಸ್ ಬರೆಯೋರು ಎರಡನ್ನೂ ಒಂದೇ ಸಾಲಲ್ಲಿ ಕಟ್ಟಾಕ್ತಾರೆ. ದಿನ ಮೀರಿದ್ರೆ ಒಪ್ಪಂದ ಮುರಿದಂಗೆ, ನಿಜ. ಆದ್ರೆ ಒಬ್ಬ ಮನುಷ್ಯ ಗೆಸ್ಟೋ ವಾಸಿನೋ ಅಂತ ಜಗಳ ಕೋರ್ಟಿಗೆ ಹೋದ್ರೆ ಅಲ್ಲಿ ಕ್ಯಾಲೆಂಡರ್ ಒಂದೇ ನೋಡಲ್ಲ, ಅವರ ಬದುಕು ಎಲ್ಲಿದೆ ಅಂತ ನೋಡ್ತಾರೆ. ಬಾಡಿಗೆಗೆ ದುಡ್ಡು ಹಾಕ್ತಾರಾ, ಸ್ವಂತ ಬೀಗದಕೈ ಇದೆಯಾ, ಟಪಾಲು ಈ ಅಡ್ರೆಸ್ಸಿಗೆ ಬರುತ್ತಾ, ಡ್ರೈವಿಂಗ್ ಲೈಸೆನ್ಸಲ್ಲಿ, ಬ್ಯಾಂಕಲ್ಲಿ ಈ ಅಡ್ರೆಸ್ ಇದೆಯಾ, ವಾಪಸ್ ಹೋಗೋಕೆ ಬೇರೆ ಮನೆ ಇದೆಯಾ, ಹೋಗೋ ತಾರೀಕು ಇದೆಯಾ.

ಇದನ್ನ ನಮ್ಮನೆಗೆ ಹಾಕಿ ನೋಡಿ. ಅಪ್ಪ ಅಮ್ಮಂಗೆ ತುಮಕೂರಲ್ಲಿ ಸ್ವಂತ ಮನೆ, ಬೀಗ ಪಕ್ಕದ್ಮನೆಯವ್ರ ಹತ್ರ, ತುಳಸಿಗೆ ನೀರು ಹಾಕೋಕೆ. ವಿಸಿಟರ್ ವೀಸಾ, ಏರ್‌ಪೋರ್ಟಲ್ಲಿ ಆರು ತಿಂಗಳು ಕೊಟ್ಟಿದ್ರು, ಆಗಸ್ಟ್ 20ಕ್ಕೆ ಟಿಕೆಟ್ಟು. ಬಾಡಿಗೆಗೆ ಒಂದು ಪೈಸೆ ಕೊಡಲ್ಲ, ಕೊಡೋಕೆ ಬಂದ್ರೂ ತಗೊಳ್ಳಲ್ಲ. 171 ರಾತ್ರಿ ಇದ್ರೂ ಗೆಸ್ಟೇ. ಇದಕ್ಕೆ ಎದುರು ನಮ್ಮ ಪರಿಚಯದ ಇನ್ನೊಂದು ಮನೆ ಹೇಳ್ತೀನಿ, ಊರು ಹೇಳಲ್ಲ. ಹುಡುಗ ಊರಿಗೆ ಮದುವೆಗೆ ಅಂತ ಆರು ವಾರ ಹೋದ, ಮನೆ ಖಾಲಿ ಯಾಕಿರ್ಬೇಕು ಅಂತ ಹೊಸದಾಗಿ ಕೆಲಸ ಸಿಕ್ಕಿದ್ದ ದೊಡ್ಡಪ್ಪನ ಮಗನ್ನ ಇಟ್ಟ, ಅವನು ತಿಂಗಳಿಗೆ 800 ಡಾಲರ್ ಕಳಿಸ್ದ, ಬ್ಯಾಂಕ್ ಅಕೌಂಟು ಆ ಅಡ್ರೆಸ್ಸಲ್ಲೇ ತೆಗ್ದ. ಆ ತಮ್ಮ ಬಂದು ಇನ್ನೂ ಹನ್ನೆರಡನೇ ದಿನದಲ್ಲಿದ್ದಾಗ್ಲೇ ಓನರಿಗೆ ಗೊತ್ತಾಯ್ತು. 14 ಮೀರಿಲ್ಲ ಅಂತ ವಾದ ಮಾಡಿದ್ರು, ಪಾಪ. ಅದು ಗೆಸ್ಟ್ ವಿಷ್ಯನೇ ಅಲ್ಲ, ಬಾಡಿಗೆದಾರ ಮನೇಲಿಲ್ಲ, ಇನ್ನೊಬ್ಬ ದುಡ್ಡು ಕೊಟ್ಕೊಂಡು ಇದಾನೆ ಅಂದ್ರೆ ಅದು ಸಬ್‌ಲೆಟ್ಟು. ಹನ್ನೆರಡು ದಿನದ ತಮ್ಮ ವಾಸಿ, ಆರು ತಿಂಗಳ ಅಮ್ಮ ಗೆಸ್ಟು, ಕೇಳೋಕೆ ವಿಚಿತ್ರ ಅನ್ಸಿದ್ರೂ ವಿಷ್ಯ ಇಷ್ಟೇ.

ನಮ್ಮ ಥರ ದಿನ ಮೀರಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಏನು ಅಂದ್ರೆ, ಸರಿಮಾಡಬಹುದಾದ ತಪ್ಪಿಗೆ ಮೊದಲು ಸರಿಮಾಡೋಕೆ ಅವಕಾಶ ಕೊಡ್ಬೇಕು. ನೋಟಿಸಿನ ಹೆಸರಲ್ಲಿ ಪರ್ಫಾರ್ಮ್ ಅನ್ನೋ ಪದ ಇರೋದು ಅದಕ್ಕೇ. 2020ರ ಜನವರಿಯಿಂದ ಜಾರಿಗೆ ಬಂದ ಬಾಡಿಗೆದಾರರ ರಕ್ಷಣೆ ಕಾನೂನು ಅನ್ವಯ ಆಗೋ ಮನೆ ಆದ್ರೆ (ಕಟ್ಟಿ 15 ವರ್ಷ ಆಗಿಲ್ಲದ ಬಿಲ್ಡಿಂಗು, ಇನ್ನೂ ಕೆಲವು ಥರದ ಮನೆಗಳು ಇದರಿಂದ ಹೊರಗೆ) ಮತ್ತೆ ನೀವು 12 ತಿಂಗಳು ಇದ್ದಿದ್ರೆ, ಕಾರಣ ಇಲ್ಲದೆ ಬಿಡ್ಸೋಹಂಗಿಲ್ಲ, ಕಾರಣ ಸರಿಮಾಡೋ ಥರದ್ದಾದ್ರೆ ಅದಕ್ಕೆ ಟೈಮ್ ಕೊಡದೆ ಮುಂದೆ ಹೋಗಂಗಿಲ್ಲ. ಹಂಗೇ ಮುರಿದಿರೋ ಷರತ್ತು ಲೆಕ್ಕಕ್ಕೆ ಬರೋವಷ್ಟು ದೊಡ್ಡದಿರ್ಬೇಕು. 2016ರಲ್ಲಿ ಬಾಸ್ಟನ್ ಎಲ್‌ಎಲ್‌ಸಿ ವರ್ಸಸ್ ಹುವಾರೆಸ್ ಅಂತ ಒಂದು ಕೇಸಲ್ಲಿ ಲಾಸ್ ಏಂಜಲಿಸಿನ ಬಾಡಿಗೆದಾರ ಲೀಸ್ ಪ್ರಕಾರ ಇನ್ಶೂರೆನ್ಸ್ ತಗೊಂಡಿರ್ಲಿಲ್ಲ, ಓನರ್ ಮನೆ ಬಿಡ್ಸೋಕೆ ಹೋದ, ಅಪೀಲ್ ಕೋರ್ಟು ಇದು ಮನೆ ಕಳ್ಕೊಳ್ಳೋವಷ್ಟು ಗಂಭೀರ ತಪ್ಪಲ್ಲ ಅಂತು, ಲೀಸಲ್ಲಿ ಯಾವ ತಪ್ಪಿಗಾದ್ರೂ ಬಿಡಿಸ್ಬೋದು ಅಂತ ಬರೆದಿದ್ರೂ. ಇದನ್ನ ನಂಬ್ಕೊಂಡು ಧೈರ್ಯವಾಗಿ ಕೂತ್ಕೊಳ್ಳಿ ಅಂತ ಹೇಳ್ತಿಲ್ಲ ಮತ್ತೆ, ಅಲ್ಲಿ ತನಕ ಹೋದ್ರೆ ನಿಮ್ಮ ಹೆಸರು ಒಂದು ಕೇಸಲ್ಲಿ ಇರುತ್ತೆ, ಮುಂದಿನ ಮನೆ ಹುಡುಕೋವಾಗ ತಲೆನೋವು.

ಮೂರು ದಿನ ಅಂದ್ರೂ ಮೂರು ದಿನ ಅಲ್ಲ. ಶನಿವಾರ, ಭಾನುವಾರ, ಕೋರ್ಟಿನ ರಜೆ ಲೆಕ್ಕಕ್ಕಿಲ್ಲ, ನೋಟಿಸ್ ಕೊಟ್ಟ ದಿನವೂ ಇಲ್ಲ. ನಮ್ಮದು ಗುರುವಾರ ಬಂತಲ್ಲ, ಶುಕ್ರವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಅಪ್ಪ ಭಾನುವಾರಕ್ಕೆ ಖಾಲಿ ಮಾಡ್ಬೇಕು ಅಂತ ಕೂತಿದ್ರು. ಮಂಗಳವಾರ ಮುಗಿದ ತಕ್ಷಣ ಯಾರೋ ಬಂದು ಸಾಮಾನು ಹೊರಗೆ ಹಾಕ್ತಾರೆ ಅಂತಾನೂ ಅಲ್ಲ, ಆಮೇಲೆ ಓನರ್ ಕೋರ್ಟಿಗೆ ಕೇಸ್ ಹಾಕ್ಬೇಕು, ನಿಮಗೆ ಉತ್ತರ ಕೊಡೋಕೆ ಟೈಮ್ ಇರುತ್ತೆ (2025ರಿಂದ ಅದು ಕೋರ್ಟಿನ 10 ಕೆಲಸದ ದಿನ, ಮುಂಚೆ 5 ಇತ್ತು), ಕೊನೆಗೆ ಬಿಡ್ಸೋದಾದ್ರೂ ಶೆರಿಫೇ ಬಿಡಿಸ್ಬೇಕು, ಓನರ್ ತಾನೇ ಬೀಗ ಬದಲಾಯ್ಸೋದು, ಕರೆಂಟ್ ತೆಗೆಯೋದು ಮಾಡಂಗಿಲ್ಲ. ಇದು ಗೊತ್ತಿದ್ರೆ ಆವತ್ತು ರಾತ್ರಿ ನಮ್ಮನೇಲಿ ಯಾರಾದ್ರೂ ನಿದ್ದೆ ಮಾಡ್ತಿದ್ರು.

ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಹೋದ್ರೆ ಹೊಸಬ ತಪ್ಪಾಗೇನೂ ಮಾತಾಡ್ಲಿಲ್ಲ, ಆದ್ರೆ ಅವನ ಹತ್ರ ಇದ್ದಿದ್ದು ಒಂದೇ ದಾರಿ, ಇಬ್ಬರೂ ಅಪ್ಲಿಕೇಶನ್ ತುಂಬ್ಬೇಕು, ಸೋಶಿಯಲ್ ಸೆಕ್ಯುರಿಟಿ ನಂಬರು, ಕ್ರೆಡಿಟ್ ಚೆಕ್ಕು, ಸಂಬಳದ ಚೀಟಿ. ಅರವತ್ತೇಳು ವರ್ಷದ ನಮ್ಮಪ್ಪನ ಅಮೇರಿಕಾ ಕ್ರೆಡಿಟ್ ಸ್ಕೋರ್ ಎಲ್ಲಿಂದ ತರ್ಲಿ. ಇಲ್ಲಿ ಒಂದು ವಿಷ್ಯ ಗಟ್ಟಿಯಾಗಿ ಹಿಡ್ಕೊಳ್ಳಿ, ಆ ಫಾರಂ ತುಂಬ್ಸೋಕೆ ಹೋಗ್ಬೇಡಿ. ಅದು ಬಾಡಿಗೆದಾರರಾಗಿ ಸೇರೋ ಫಾರಂ. ಲೀಸಿಗೆ ಸೈನ್ ಹಾಕ್ದೋರು ಪೂರ್ತಿ ಬಾಡಿಗೆಗೆ, ಪೂರ್ತಿ ಡ್ಯಾಮೇಜಿಗೆ ಜವಾಬ್ದಾರಿ. ಆಗಸ್ಟಲ್ಲಿ ತುಮಕೂರಿಗೆ ಹೋಗೋರನ್ನ ಡಿಸೆಂಬರ್ ಬಾಡಿಗೆಗೆ ಹೊಣೆ ಮಾಡೋದ್ಯಾಕೆ. ಅವರು ಬಾಡಿಗೆದಾರರೂ ಅಲ್ಲ, ಪರ್ಮನೆಂಟಾಗಿ ಇರೋ ಆಕ್ಯುಪೆಂಟೂ ಅಲ್ಲ, ಇಂಥ ತಾರೀಕಿನ ತನಕ ಇರೋ ಗೆಸ್ಟು, ನಮಗೆ ಬೇಕಾಗಿರೋದು ಆ ಪ್ಯಾರಾದಲ್ಲೇ ಬರೆದಿರೋ ಬರಹದ ಒಪ್ಪಿಗೆ. ಇದನ್ನೇ ಈಮೇಲಲ್ಲಿ ಬರೆದ್ವಿ, ಲೋಕಲ್ ಆಫೀಸಿಗೂ ಮೇಲಿನ ಮ್ಯಾನೇಜರಿಗೂ.

ಈಮೇಲಲ್ಲಿ ಕಥೆ ಹೊಡೀಲಿಲ್ಲ, ಬಾಣಂತನ ಅಂದ್ರೆ ಏನು, ನಮ್ಮ ಸಂಸ್ಕೃತಿಯಲ್ಲಿ ಹೆಂಗೆ ಅಂತೆಲ್ಲ ನನ್ನ ಗಂಡ ಎರಡು ಪ್ಯಾರಾ ಬರೆದಿದ್ರು, ತೆಗೆಸ್ದೆ. ನೋಟಿಸ್ ತಾರೀಕು, ಲೀಸಿನ ಆ ಪ್ಯಾರಾ ನಂಬರು, ಇಬ್ಬರ ಹೆಸರು, ನಮಗೆ ಏನಾಗ್ಬೇಕು, ಬಂದ ದಿನ, ಹೋಗೋ ದಿನ, ವಾಪಸ್ ಟಿಕೆಟಿನ ಕಾಪಿ. ಬಾಡಿಗೆ ಕೊಡಲ್ಲ, ಕಾರಿಲ್ಲ ಆದ್ರಿಂದ ಪಾರ್ಕಿಂಗ್ ಬೇಡ, ಟಪಾಲು ತರಿಸ್ಕೊಳ್ಳಲ್ಲ, ಅವರಿರೋವಾಗ ನಾವೂ ಮನೇಲೇ ಇರ್ತೀವಿ, ಅವರಿಂದ ಏನು ಡ್ಯಾಮೇಜ್ ಆದ್ರೂ ನಮ್ಮ ಜವಾಬ್ದಾರಿ. ಕೊನೇಲಿ, ಈ ಒಪ್ಪಿಗೆ ಸಿಕ್ಕಿದ್ರೆ ನೋಟಿಸಲ್ಲಿ ಹೇಳಿರೋ ತಪ್ಪು ಸರಿಯಾಗಿದೆ ಅಂತ ಬರಹದಲ್ಲಿ ತಿಳಿಸಿ ಅಂತ. ಈ ಕೊನೇ ಸಾಲು ವಕೀಲರು ಹೇಳಿಕೊಟ್ಟಿದ್ದು, ಇಲ್ಲಾಂದ್ರೆ ಒಪ್ಪಿಗೆ ಒಂದು ಕಡೆ, ನೋಟಿಸ್ ಇನ್ನೊಂದು ಕಡೆ ಫೈಲಲ್ಲಿ ಜೀವಂತವಾಗಿ ಉಳ್ಕೊಂಡಿರುತ್ತೆ.

ಅವರ ಕಡೆಯಿಂದ ಎರಡು ಪ್ರಶ್ನೆ ಬಂತು. ಮೊದಲ್ನೇದು ವೀಸಾ ಕಾಪಿ ಕೊಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ ಓನರು ಬಾಡಿಗೆದಾರರದ್ದಾಗ್ಲಿ ಮನೇಲಿರೋರದ್ದಾಗ್ಲಿ ವಲಸೆ ಸ್ಟೇಟಸ್ ಕೇಳಂಗಿಲ್ಲ, ಯಾರು ಅಂತ ಗುರುತು ಕೇಳ್ಬೋದು. ಜಗಳ ಆಡ್ಲಿಲ್ಲ, ಪಾಸ್‌ಪೋರ್ಟಿನ ಫೋಟೋ ಇರೋ ಪೇಜ್ ಮಾತ್ರ ಕಳಿಸಿದ್ವಿ, ಅವರೂ ಮತ್ತೆ ಕೇಳ್ಲಿಲ್ಲ. ಎರಡನೇದು, ಮಗು ಹುಟ್ಟಿದ್ಮೇಲೆ ಐದು ಜನ ಆಗ್ತೀರಲ್ಲ ಎರಡು ಬೆಡ್‌ರೂಮಿಗೆ ಅಂತ. ಇಲ್ಲಿ ಬೆಡ್‌ರೂಮಿಗೆ ಇಬ್ಬರು, ಮೇಲೆ ಮನೆಗೊಬ್ಬರು ಅಂತ ಒಂದು ರೂಢಿಯ ಲೆಕ್ಕ ಇದೆ, ಕಾನೂನಲ್ಲ, ಆದ್ರೆ ತುಂಬಾ ಜನ ಒಪ್ಕೊಳ್ಳೋ ಅಳತೆ. ಎರಡು ಬೆಡ್‌ರೂಮಿಗೆ ಐದು. ನಮ್ಮದು ಸರಿಯಾಗಿ ಐದು, ಒಂದೇ ಬೆಡ್‌ರೂಮ್ ಇದ್ದಿದ್ರೆ ಈ ಕಥೆ ಬೇರೆ ಥರ ಆಗ್ತಿತ್ತೇನೋ.

ಸೋಮವಾರ ಮಧ್ಯಾಹ್ನ ಲೀಸಿಗೆ ಸೇರಿಸೋ ಒಂದು ಪೇಜಿನ ಗೆಸ್ಟ್ ಅಡೆಂಡಮ್ ಬಂತು. ಇಬ್ಬರ ಹೆಸರು, ಆಗಸ್ಟ್ 20ರ ತನಕ, ಇದರಿಂದ ಗೆಸ್ಟಿಗೆ ಬಾಡಿಗೆದಾರನ ಹಕ್ಕು ಬರಲ್ಲ ಅನ್ನೋ ಸಾಲು, ಸೈನ್ ನಾವಿಬ್ಬರೇ, ಅಪ್ಪ ಅಮ್ಮ ಹಾಕಲಿಲ್ಲ. ನೋಟಿಸಲ್ಲಿ ಹೇಳಿದ್ದ ತಪ್ಪು ಸರಿಹೋಗಿದೆ ಅಂತ ಈಮೇಲಲ್ಲಿ ಒಂದೇ ಸಾಲು. ಆ ಒಂದು ಸಾಲನ್ನ ಅಪ್ಪ ಪ್ರಿಂಟ್ ತೆಗೆಸಿ ಪಾಸ್‌ಪೋರ್ಟ್ ಪೌಚಲ್ಲಿ ಇಟ್ಕೊಂಡಿದ್ರು, ವಾಪಸ್ ಹೋಗೋವರೆಗೂ.

ಓನರುಗಳು ಯಾಕಿಷ್ಟು ಹೆದರ್ತಾರೆ ಅಂತಾನೂ ಹೇಳ್ಬಿಡ್ತೀನಿ, ಅವರನ್ನ ಬೈಯೋದು ಸುಲಭ. ಲೀಸಲ್ಲಿ ಹೆಸರಿಲ್ಲದ ದೊಡ್ಡವರು ಮನೇಲಿದ್ದಾಗ ಓನರ್ ಮುಂದೊಂದಿನ ಬಾಡಿಗೆದಾರನ ಮೇಲೆ ಕೇಸ್ ಹಾಕಿದ್ರೆ ಇವರು ನಾನೂ ಇಲ್ಲಿ ವಾಸ ಇದೀನಿ ಅಂತ ಕೋರ್ಟಲ್ಲಿ ಒಂದು ಫಾರಂ ಕೊಡ್ಬೋದು, ಅದಕ್ಕೆ CP10.5 ಅಂತ ನಂಬರ್ರೇ ಇದೆ, ಕೇಸಿನ ಕಾಗದ ಕೊಟ್ಟ 10 ದಿನದೊಳಗೆ ತುಂಬಿ ಕೊಟ್ರೆ ಅವರ ಮಾತನ್ನೂ ಕೇಳ್ಬೇಕಾಗುತ್ತೆ. ಬಾಡಿಗೆದಾರ ಓಡಿಹೋಗಿ ಅವನ ಫ್ರೆಂಡ್ ಕೂತಿರೋ ಮನೆಗಳನ್ನ ನೋಡಿ ನೋಡಿ ಓನರುಗಳು ಕಲ್ತಿರೋ ಭಯ ಅದು. ಜೊತೆಗೆ ನೀರಿನ ಬಿಲ್ಲು ಎಷ್ಟೋ ಕಡೆ ಮನೆಯವರ ಸಂಖ್ಯೆ ನೋಡಿ ಹಂಚ್ತಾರೆ, ನಮ್ಮನೆ ಇಬ್ಬರು ಅಂತ ಲೆಕ್ಕದಲ್ಲಿದ್ದು ನಾಲ್ಕು ಜನ ಸ್ನಾನ ಮಾಡಿದ್ರೆ ಪಕ್ಕದ್ಮನೆಯವರು ಕಟ್ತಾರೆ. ಅದಕ್ಕೇ ಸುಳ್ಳು ಹೇಳ್ಬೇಡಿ ಅನ್ನೋದು. ಅಮ್ಮ ಬೆಳಗ್ಗೆ ವಾಕಿಂಗ್ ಹೋಗೋವಾಗ ಯಾರಾದ್ರೂ ಕೇಳಿದ್ರೆ ನಿನ್ನೆ ಬಂದಿದ್ದು ಅಂತ ಹೇಳ್ಕೊಟ್ಟಿರೋ ಮನೆಗಳು ನಂಗೆ ಗೊತ್ತು. ಸೀರೆ ಮೇಲೆ ಸ್ವೆಟರ್ ಹಾಕ್ಕೊಂಡು ಬಿಳಿ ಶೂನಲ್ಲಿ ದಿನಾ ಎಂಟು ರೌಂಡ್ ಹೊಡೆಯೋ ಹೆಂಗಸು ನಿನ್ನೆ ಬಂದಿದ್ದು ಅಂದ್ರೆ ಯಾರು ನಂಬ್ತಾರೆ. ಕೇಸೇನಾದ್ರೂ ಆದ್ರೆ ದಿನ ಮೀರಿದ್ದಕ್ಕಿಂತ ಆ ಸುಳ್ಳೇ ಜಾಸ್ತಿ ಹೊಡೆಯೋದು.

ಬೇರೆ ರಾಜ್ಯದಲ್ಲಿರೋರು ಇದನ್ನೇ ಓದ್ಕೊಂಡು ಹಂಗೇ ಮಾಡ್ಬೇಡಿ, ರಾಜ್ಯಕ್ಕೊಂದು ಕಾನೂನು. ಉದಾಹರಣೆಗೆ ನ್ಯೂಯಾರ್ಕಲ್ಲಿ 1983ರಿಂದ ರೂಮ್‌ಮೇಟ್ ಲಾ ಅಂತಾನೇ ಕರೆಯೋ ಕಾನೂನಿದೆ, ಲೀಸಲ್ಲಿ ಬಾಡಿಗೆದಾರ ಒಬ್ಬನೇ ಇರ್ಬೇಕು ಅಂತ ಬರೆದಿದ್ರೂ ಅವನ ಹತ್ತಿರದ ಕುಟುಂಬದವರು ಜೊತೇಲಿರ್ಬೋದು ಅಂತ ಕಾನೂನೇ ಓದ್ಕೊಳ್ಳುತ್ತೆ, ಬಾಡಿಗೆದಾರ ಅದೇ ಮನೇಲಿ ವಾಸ ಇರ್ಬೇಕು ಅಷ್ಟೇ. ಅಲ್ಲಿ ಕೇಳೋ ಪ್ರಶ್ನೆನೇ ಬೇರೆ. ಇಲ್ಲಿ ನಾವು ಬರಹದ ಒಪ್ಪಿಗೆಗೆ ಓಡಾಡಿದಂಗೆ ಅಲ್ಲಿಯವರು ಓಡಾಡೋ ಅಗತ್ಯ ಇಲ್ದೇ ಇರ್ಬೋದು, ಹೆಸರು ತಿಳಿಸಿದ್ರೆ ಸಾಕಾಗ್ಬೋದು.

ಈಗ ಓನರ್ ಆಗಿರೋ ನಮ್ಮವರಿಗೆ ಎರಡು ಮಾತು. ಇಂಟರ್‌ನೆಟ್ಟಿಂದ ಲೀಸ್ ಇಳಿಸ್ಕೊಂಡು ಆ ಗೆಸ್ಟ್ ಪ್ಯಾರಾ ಹಂಗೇ ಬಿಟ್ಟು, ನಮ್ಮ ಹುಡುಗ್ರೇ ಬಾಡಿಗೆಗೆ ಬಂದಾಗ ಆಮೇಲೆ ಅವರ ಅಮ್ಮ ಬಂದ್ರೆ ಮುಖ ಸಣ್ಣ ಮಾಡ್ಕೊಳ್ತೀರಲ್ಲ, ನಿಮ್ಮ ತಾಯಿನೂ ಬಾಣಂತನಕ್ಕೆ ಬಂದು ಆರು ತಿಂಗಳು ಇದ್ದೋರೇ. 14 ಇಡಿ, ಬೇಡ ಅನ್ನಲ್ಲ, ಪಕ್ಕದಲ್ಲೇ ಒಂದು ಸಾಲು ಸೇರ್ಸಿ: ಬಾಡಿಗೆದಾರರ ತಂದೆ ತಾಯಿ, ಹೋಗೋ ಟಿಕೆಟ್ ತೋರಿಸಿ ಮುಂಚೆ ಬರಹದಲ್ಲಿ ತಿಳಿಸಿದ್ರೆ, ಬಾಡಿಗೆ ಕೊಡದೆ, 180 ದಿನದ ತನಕ ಗೆಸ್ಟಾಗಿ ಇರ್ಬೋದು. ನಿಮ್ಮ ಭಯ ಇರೋದು ಹೋಗೋ ತಾರೀಕಿಲ್ಲದ ಮನುಷ್ಯನ ಬಗ್ಗೆ, ಆ ಸಾಲು ಅವನನ್ನ ಒಳಗೆ ಬಿಡಲ್ಲ. ಹಂಗೇ ಗೆಸ್ಟ್ ಇರೋದು ಗೊತ್ತಿದ್ದೂ ತಿಂಗಳು ತಿಂಗಳು ಬಾಡಿಗೆ ತಗೊಂಡು ಸುಮ್ನಿದ್ದು ಆಮೇಲೆ ಒಂದಿನ ಬೇರೆ ಯಾವುದಕ್ಕೋ ಕೋಪ ಬಂದು ಗೆಸ್ಟ್ ಪ್ಯಾರಾ ಎತ್ಕೊಂಡು ಬರ್ಬೇಡಿ, ಗೊತ್ತಿದ್ದೂ ಬಾಡಿಗೆ ತಗೊಂಡ್ರೆ ಆ ತಪ್ಪನ್ನ ಬಿಟ್ಟುಕೊಟ್ಟಂಗೆ ಅಂತ ಬಾಡಿಗೆದಾರನ ಕಡೆ ವಕೀಲ ಮೊದಲು ಎತ್ತೋ ಮಾತೇ ಅದು. ಬಿಟ್ಟುಕೊಟ್ಟಂಗಲ್ಲ ಅಂತ ಲೀಸಲ್ಲಿ ಇನ್ನೊಂದು ಸಾಲು ಇರುತ್ತೆ, ಇದ್ರೂ ಜಗಳ ನಿಮಗೇ ಉದ್ದ ಆಗೋದು.

ಮಗು ಏಪ್ರಿಲ್ 12ಕ್ಕೆ ಹುಟ್ಟಿತು. ಹುಟ್ಟಿದ ಮಗು ಗೆಸ್ಟಲ್ಲ, ಅದಕ್ಕೆ 14 ದಿನ ಇಲ್ಲ, ಅಡೆಂಡಮ್ ಬೇಡ, ಆಫೀಸಿಗೆ ಹೆಸರು ತಿಳಿಸಿದ್ವಿ ಅಷ್ಟೇ. ಆಗಸ್ಟ್ 21 ಬೆಳಗ್ಗೆ ಆಫೀಸಿಂದ ಈಮೇಲು, ನಿಮ್ಮ ಗೆಸ್ಟ್ಸ್ ಹೊರಟ್ರಾ ಅಂತ. ಏರ್‌ಪೋರ್ಟಲ್ಲಿ ಅಮ್ಮ ಕಣ್ಣೊರೆಸ್ಕೊಳ್ತಿರೋ ಫೋಟೋ ಇತ್ತು, ಅದನ್ನ ಕಳಿಸೋಕೆ ಮನಸ್ಸಾಗ್ಲಿಲ್ಲ, ಬೋರ್ಡಿಂಗ್ ಪಾಸ್ ಫೋಟೋ ಕಳಿಸ್ದೆ.

ಈಗ ಅತ್ತೆ ಮಾವ ಬರ್ತೀವಿ ಅಂತಿದಾರೆ, ಮೈಸೂರಿಂದ, ಐದು ತಿಂಗಳಿಗೆ. ಈ ಸಲ ಟಿಕೆಟ್ಟಿಗಿಂತ ಮುಂಚೆ ಈಮೇಲ್ ಹೋಗಿದೆ, ಅದೇ ಅಡೆಂಡಮ್ ಮಾದರೀಲಿ ತಾರೀಕು ಮಾತ್ರ ಬದಲಾಯ್ಸಿ. ಉತ್ತರ ಇನ್ನೂ ಬಂದಿಲ್ಲ, ಮಾವ ದಿನಾ ಫೋನ್ ಮಾಡಿ ಟಿಕೆಟ್ ರೇಟು ಏರ್ತಿದೆ ಕಣಮ್ಮ ಅಂತಿದಾರೆ, ಇನ್ನೆರಡು ದಿನ ತಡೀರಿ ಮಾವ ಅಂದಿದೀನಿ.

ಇಂತಿ,
ಫ್ರೀಮಾಂಟಿಂದ ಒಬ್ಬ ಬಾಡಿಗೆದಾರಳು